ನಲವತ್ತು ಗ್ರಾಂ ಚಿನ್ನ, ಒಂಬತ್ತು ಸಾವಿರ ನಷ್ಟ

ಮನೆ ಕುಂದಲಹಳ್ಳಿ, ತೋಟ ಹೊಸಕೋಟೆ ಕಡೆ ಅಂತ ಈ ಪೇಜ್ ಓದೋರಿಗೆ ಗೊತ್ತೇ ಇದೆ. ಬೋರ್‌ವೆಲ್ ಮೋಟಾರ್ ಸುಟ್ಟಾಗ, ಕೂಡಿಟ್ಟಿದ್ದ 60 ಸಾವರಿನ್ ಗೋಲ್ಡ್ ಬಾಂಡ್‌ನಲ್ಲಿ 40 ಮಾರೋಕೆ ಹೊರಟೆ. ಒಂದು ಬಾಂಡ್ ಅಂದ್ರೆ ಒಂದು ಗ್ರಾಂ ಚಿನ್ನದ ಲೆಕ್ಕ.

ಮೊಬೈಲಲ್ಲಿ ಬೆಲೆ 7,180 ಅಂತ ಕಾಣಿಸ್ತು. 40ಕ್ಕೆ 2,87,200 ಬರುತ್ತೆ ಅಂದ್ಕೊಂಡು ಮಾರ್ಕೆಟ್ ಆರ್ಡರ್ ಒತ್ತಿದೆ. ಬಂದಿದ್ದು 2,78,100. ಮೋಸ ಆಗಿದೆ ಅಂತ ಸಿಟ್ಟು ಬಂತು. ಸಾಫ್ಟ್‌ವೇರ್ ಕೆಲಸದಲ್ಲಿರೋ ಅಕ್ಕನ ಮಗ ನೋಡಿ, "ಮಾವ, ಆ 7,180 ಬೆಳಗ್ಗೆ ಯಾರೋ ಒಂದೇ ಒಂದು ಗ್ರಾಂ ಮಾರಿದ ಬೆಲೆ. ನಿಮ್ಮ 40 ಕೊಳ್ಳೋರು ಯಾರಿದ್ರು ಅಂತ ನೋಡಿದ್ರಾ?" ಅಂದ.

ನೋಡಿರಲಿಲ್ಲ. ಆಮೇಲೆ ವಹಿವಾಟಿನ ವಿವರ ತೆಗೆದ್ರೆ ಹೀಗಿತ್ತು: 7,150ಕ್ಕೆ ಆರು, 7,100ಕ್ಕೆ ನಾಲ್ಕು, 6,980ಕ್ಕೆ ಹತ್ತು ಹೋಗಿತ್ತು. ಉಳಿದ ಇಪ್ಪತ್ತು 6,850ಕ್ಕೆ. ಗ್ರಾಂಗೆ ಸರಾಸರಿ 6,952.50. ಚಿನ್ನದ ರೇಟು ಇಳಿದಿರಲಿಲ್ಲ, ನನ್ನ ಆರ್ಡರೇ ಒಬ್ಬೊಬ್ಬ ಗಿರಾಕೀನ ಮುಗಿಸ್ಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದಿತ್ತು. ಇದಕ್ಕೇ ಸ್ಲಿಪ್ಪೇಜ್ ಅನ್ನೋದು.

ನಮಗಿದು ಹೊಸದೇನಲ್ಲ. ನೂರು ಕಟ್ಟು ಕೊತ್ತಂಬರಿ ಒಯ್ದು "ಎಷ್ಟಾದ್ರೂ ಕೊಡಿ, ಈಗಲೇ ಖಾಲಿ ಆಗ್ಬೇಕು" ಅಂದ್ರೆ ಮೊದಲನೆಯವನು ಇಪ್ಪತ್ತು ಕಟ್ಟು ಒಳ್ಳೆ ರೇಟಿಗೆ ತಗೋತಾನೆ, ಕೊನೆಯವನು ಬಾಯಿಗೆ ಬಂದ ರೇಟು ಹೇಳ್ತಾನೆ. ಮಾರ್ಕೆಟ್ ಆರ್ಡರ್ ಅಂದ್ರೆ ಅದೇ ಮಾತು. ದಿನಕ್ಕೆ ಲಕ್ಷಾಂತರ ಷೇರು ಕೈ ಬದಲಾಯಿಸೋ ದೊಡ್ಡ ಕಂಪನಿಯಲ್ಲಾದ್ರೆ ನನ್ನ ನಲವತ್ತು ಗೊತ್ತೇ ಆಗ್ತಿರಲಿಲ್ಲ. ಗೋಲ್ಡ್ ಬಾಂಡ್‌ನ ಎಷ್ಟೋ ಸರಣಿಗಳಲ್ಲಿ ಗಿರಾಕಿಗಳು ಬೆರಳೆಣಿಕೆ.

ಉಳಿದ 20ನ್ನು ಲಿಮಿಟ್ ಆರ್ಡರ್‌ನಲ್ಲಿ ಹಾಕಿದೆ: "7,120ಕ್ಕಿಂತ ಕಡಿಮೆಗೆ ಕೊಡಲ್ಲ". ಮೊದಲ ದಿನ ಎಂಟು ಹೋಯ್ತು. ಮಧ್ಯಾಹ್ನ 3:30ಕ್ಕೆ ಮಾರುಕಟ್ಟೆ ಮುಚ್ಚಿದಾಗ ಮಿಕ್ಕ ಆರ್ಡರ್ ರದ್ದಾಯ್ತು. ಎರಡನೇ ದಿನ ಮತ್ತೆ ಹಾಕಿದ್ರೆ ಒಂದೂ ಹೋಗಲಿಲ್ಲ. ಅಷ್ಟರಲ್ಲಿ ಚಿನ್ನವೇ ಸ್ವಲ್ಪ ಇಳೀತು, ಮೂರನೇ ದಿನ 7,090ಕ್ಕೆ ಇಳಿಸಿ ಹನ್ನೆರಡು ಮಾರಿದೆ. ಸರಾಸರಿ 7,102. ಲಿಮಿಟ್ ಬೆಲೆ ಕಾಯುತ್ತೆ, ಮಾರಾಟ ಆಗೇ ಆಗುತ್ತೆ ಅಂತ ಮಾತು ಕೊಡಲ್ಲ. ಕಾಯೋ ಹೊತ್ತಲ್ಲಿ ರೇಟು ಇನ್ನೂ ಕುಸಿದಿದ್ರೆ ಆ ನಷ್ಟವೂ ನನ್ನದೇ.

ಈಗ ಕೊನೆಯ ಬೆಲೆ ನೋಡಿ ಲೆಕ್ಕ ಹಾಕಲ್ಲ. ಕೊಳ್ಳೋರ ಪಟ್ಟಿ ತೆಗೆದು, ನನ್ನಷ್ಟು ಗ್ರಾಂ ತುಂಬೋಕೆ ಎಷ್ಟನೇ ಸಾಲಿನವರೆಗೆ ಇಳೀಬೇಕು ಅಂತ ಕೂಡ್ತೀನಿ. ಆ ಕೊನೆ ಸಾಲಿನ ಬೆಲೆ ಒಪ್ಪಿಗೆಯಾದ್ರೆ ಅದನ್ನೇ ಲಿಮಿಟ್ ಆಗಿ ಹಾಕ್ತೀನಿ. ಇಲ್ಲಾಂದ್ರೆ ಐದೈದು ಗ್ರಾಂ ಮಾರ್ತೀನಿ. ಅವಸರ ಇಲ್ದೋರಿಗೆ ಇನ್ನೊಂದು ದಾರಿ ಇದೆ: ಐದು ವರ್ಷ ತುಂಬಿದ ಬಾಂಡನ್ನ ಬಡ್ಡಿ ಬರೋ ದಿನಾಂಕಕ್ಕೆ ಸರಿಯಾಗಿ ರಿಸರ್ವ್ ಬ್ಯಾಂಕಿಗೇ ವಾಪಸ್ ಕೊಡಬಹುದು. ಅಲ್ಲಿ ಗಿರಾಕಿ ಹುಡುಕೋ ಪಾಡಿಲ್ಲ.

ಆ 9,100ರಲ್ಲಿ ಮೋಟಾರಿನ ಕೇಬಲ್ ಬಂದುಬಿಡ್ತಿತ್ತು.