ಶೆಟ್ರ ಅಂಗಡಿಯ ಲೆಕ್ಕ

ಹದಿನೇಳು ವರ್ಷದಿಂದ ನಾನು ಕಂಪನಿಗಳ ಲೆಕ್ಕ ಬರೀತಿದ್ದೇನೆ. ಕೋಟಿಗಳಲ್ಲೇ ಮಾತು. ತಿಂಗಳ ಕೊನೆಯಲ್ಲಿ ಹತ್ತು ಸಾವಿರ ರೂಪಾಯಿ ಹೊಂದಿಕೆ ಆಗದಿದ್ರೆ 'ರೌಂಡಿಂಗ್' ಅಂತ ಬಿಟ್ಟುಬಿಡೋ ಜಾಗ ಅದು. ನಲವತ್ತು ದಾಟಿದ ಮೇಲೆ, ಈ ವಿದ್ಯೆ ನಮ್ಮ ಬೀದಿಯ ಯಾರಿಗಾದರೂ ಉಪಯೋಗಕ್ಕೆ ಬರುತ್ತಾ ಅನ್ನೋ ಪ್ರಶ್ನೆ ಶುರುವಾಯಿತು. ಸಣ್ಣ ಅಂಗಡಿಗಳಿಗೆ ಸಲಹೆ ಕೊಡೋ ಕೆಲಸ ಮಾಡಬೇಕು ಅಂತ ಒಂದು ನೋಟ್‌ಬುಕ್ ತುಂಬಾ ಐಡಿಯಾ ಬರೆದಿಟ್ಟಿದ್ದೆ. ಡ್ಯಾಶ್‌ಬೋರ್ಡ್, ಸಾಫ್ಟ್‌ವೇರ್, ವಾರ್ಷಿಕ ಬಜೆಟ್ಟು, ಇನ್ನೂ ಏನೇನೋ. ಅದರಲ್ಲಿ ಒಂದೂ ಉಳಿಯಲಿಲ್ಲ.

2025ರ ಜುಲೈ ನಿಮಗೆ ನೆನಪಿರಬಹುದು. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದು, ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತುಹಾಕಿ 'ಓನ್ಲಿ ಕ್ಯಾಶ್' ಅಂತ ಬೋರ್ಡ್ ನೇತುಹಾಕಿದ ತಿಂಗಳು. ನಮ್ಮ ರಸ್ತೆಯ ಮೂಲೆಯ ಶೆಟ್ರಿಗೂ ಒಂದು ಬಂತು. "ಸ್ವಲ್ಪ ಓದಿ ಹೇಳು ಮಾರಾಯ" ಅಂತ ನನ್ನ ಕೈಗಿಟ್ಟರು. ಅಪ್ಪನ ಫ್ಯಾಕ್ಟರಿ ಮುಚ್ಚಿದ ವರ್ಷ ಎಂಟು ತಿಂಗಳು ನಮ್ಮನೆಗೆ ಅಕ್ಕಿ-ಬೇಳೆ ಸಾಲ ಕೊಟ್ಟ ಅಂಗಡಿ ಅದು. ಇಲ್ಲ ಅನ್ನೋ ಹಾಗಿರಲಿಲ್ಲ.

ಆ ಕಾಗದದಲ್ಲಿದ್ದದ್ದು ಇಷ್ಟೇ: ನಿಮ್ಮ ಖಾತೆಗೆ 2023-24ರಲ್ಲಿ ಯುಪಿಐ ಮೂಲಕ 58,40,000 ರೂಪಾಯಿ ಬಂದಿದೆ, ನೀವು ನೋಂದಣಿ ಮಾಡಿಸಿಲ್ಲ, ವಿವರಣೆ ಕೊಡಿ. ಸರಕು ಮಾರುವವರ ಒಟ್ಟು ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ.

ಒಂದು ಶನಿವಾರ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಅಂಗಡಿಯ ಹಿಂದಿನ ಗೋಡೌನ್‌ನಲ್ಲಿ ಅಕ್ಕಿ ಮೂಟೆ ಮೇಲೆ ಕೂತೆವು. ನಾಲ್ಕು ಬಣ್ಣದ ಹೈಲೈಟರ್ ತಗೊಂಡು ಸಾಲು ಸಾಲಾಗಿ ಬಣ್ಣ ಹಚ್ಚಿದೆ. ಪುಣೆಯಲ್ಲಿರೋ ಮಗ ತಿಂಗಳಿಗೆ 30,000ದಂತೆ ಕಳಿಸಿದ್ದು 3,60,000. ಚೀಟಿ ಎತ್ತಿದ್ದು 2,00,000. ತಂಗಿಯ ಕೈಗಡ 1,50,000. ಇನ್ನೊಂದು ವಿಚಿತ್ರ ಗುಂಪಿತ್ತು. ಪಕ್ಕದ ಪಿಜಿ ಹುಡುಗರು ಐನೂರು, ಸಾವಿರ ಸ್ಕ್ಯಾನ್ ಮಾಡಿ ಕ್ಯಾಶ್ ತಗೊಂಡು ಹೋಗೋರು. "ಎಟಿಎಂ ದೂರ ಅಲ್ವಾ, ಪಾಪ" ಅಂದರು ಶೆಟ್ರು. ಅದು 3,10,000. ಎಲ್ಲ ಸೇರಿ 10,20,000 ವ್ಯಾಪಾರವೇ ಅಲ್ಲ. ಉಳಿದ 48,20,000 ಮಾತ್ರ ಮಾರಾಟ.

ಇಲ್ಲಿಗೆ ನಿಲ್ಲಿಸಿ ಉತ್ತರ ಬರೆದರೆ ಶೆಟ್ರಿಗೆ ಖುಷಿಯಾಗ್ತಿತ್ತು. ಆದರೆ ಒಟ್ಟು ವಹಿವಾಟು ಅಂದ್ರೆ ಯುಪಿಐ ಮಾತ್ರ ಅಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ನೋಟೂ ಸೇರಬೇಕು. ಅದನ್ನ ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಖರೀದಿಯಿಂದ ಮುಂದಕ್ಕೆ ಬಂದೆ. ಡಿಸ್ಟ್ರಿಬ್ಯೂಟರ್ ಬಿಲ್ಲು, ಹಾಲಿನ ಪುಸ್ತಕ, ಮಾರ್ಕೆಟ್ ಚೀಟಿ ಎಲ್ಲ ಕೂಡಿಸಿದರೆ ವರ್ಷದ ಖರೀದಿ ಸುಮಾರು 56,50,000. ಒಂದೊಂದು ಬಗೆಯ ಸಾಮಾನಿಗೆ ಅವರಿಗೆ ಎಷ್ಟು ಉಳಿಯುತ್ತೆ ಅಂತ ಕೇಳಿ ಸೇರಿಸಿದಾಗ ಮಾರಾಟ 62,20,000ಕ್ಕೆ ಬಂತು. ಅಂದ್ರೆ ಕ್ಯಾಶ್ ವ್ಯಾಪಾರ ಸುಮಾರು 14 ಲಕ್ಷ. ಅಂಗಡಿಯ ಲೆಕ್ಕ ನಿಜವೋ ಅಲ್ಲವೋ ನೋಡೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಮಾರಿದ್ದನ್ನ ಜನ ಮರೀತಾರೆ, ಕೊಂಡದ್ದಕ್ಕೆ ಎಲ್ಲೋ ಒಂದು ಚೀಟಿ ಇದ್ದೇ ಇರುತ್ತೆ.

ಶೆಟ್ರು ಅಷ್ಟರಲ್ಲಿ ಯಾರೋ ಹೇಳಿದ್ದನ್ನ ಕೇಳಿಕೊಂಡು ಬಂದಿದ್ದರು. "ಹಾಲು, ತರಕಾರಿ, ಮೊಟ್ಟೆಗೆ ತೆರಿಗೆ ಇಲ್ವಂತೆ. ಅದನ್ನ ಕಳೆದುಬಿಡು." ಕಳೆದೆ. ದಿನಕ್ಕೆ ನೂರಹತ್ತು ಲೀಟರ್ ಹಾಲು ಹೋಗೋ ಅಂಗಡಿ. ಹಾಲು, ತರಕಾರಿ, ಮೊಟ್ಟೆ, ತೆಂಗಿನಕಾಯಿ ಸೇರಿ 23,20,000. ತೆರಿಗೆ ಬೀಳೋ ಸಾಮಾನು 39,00,000.

"ನಲವತ್ತರ ಒಳಗೇ ಇದೆಯಲ್ಲ!" ಅಂತ ಅವರ ಮುಖ ಅರಳಿತು.

ಎಲ್ಲರೂ ಎಡವೋದು ಇಲ್ಲೇ. ಬರೀ ಹಾಲು-ತರಕಾರಿ ಮಾತ್ರ ಮಾರುವವರಿಗೆ ಎಷ್ಟೇ ವಹಿವಾಟಿದ್ರೂ ನೋಂದಣಿ ಬೇಡ. ಆದರೆ ಜೊತೆಗೆ ಬಿಸ್ಕತ್ತು, ಸೋಪು ಮಾರಿದ ಕೂಡಲೇ ಮಿತಿಯ ಲೆಕ್ಕಕ್ಕೆ ಹಾಲೂ ಸೇರುತ್ತೆ. ತೆರಿಗೆ ಕಟ್ಟೋದು 39 ಲಕ್ಷದ ಮೇಲೆ, ನೋಂದಣಿಗೆ ನೋಡೋದು 62 ಲಕ್ಷವನ್ನ. ಎಂಟು ತಿಂಗಳು ಸಾಲ ಕೊಟ್ಟ ಮನುಷ್ಯನಿಗೆ "ನೀವು ನೋಂದಣಿ ಮಾಡಿಸಲೇಬೇಕಿತ್ತು ಶೆಟ್ರೇ" ಅಂತ ಹೇಳಬೇಕಾಯಿತು. ಅವರು ಎದ್ದು ಹೋಗಿ ಗಿರಾಕಿಗೆ ಸಕ್ಕರೆ ತೂಗಿಕೊಟ್ಟು ಬಂದರು. "ಹೆಂಡತಿ ಹೆಸರಲ್ಲಿ ಇನ್ನೊಂದು ಕ್ಯೂಆರ್ ಹಾಕಿಸಿದ್ರೆ? ಅರ್ಧರ್ಧ ಆಗ್ತದಲ್ಲ?" ಅಂದರು. ಅದೇ ಗಲ್ಲಾ, ಅದೇ ಕಪಾಟು, ಎರಡು ಹೆಸರು. ಅದು ವ್ಯಾಪಾರ ಹಂಚೋದಲ್ಲ, ಮರೆಮಾಚೋದು. ಹಾಗೆ ಮಾಡೋದಾದ್ರೆ ನಾನು ಕೂರಲ್ಲ ಅಂದೆ. ಮೂರು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ.

ನಾಲ್ಕನೇ ದಿನ ಅವರೇ ಕರೆದರು. ಅಷ್ಟರಲ್ಲಿ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದಿದ್ದರು. ನನಗೆ ಪರಿಚಯದ ಸಿ.ಎ. ಒಬ್ಬರು ಶೆಟ್ರ ಪರವಾಗಿ ವಿವರಣೆ ಸಲ್ಲಿಸಿದರು, ಬಣ್ಣ ಹಚ್ಚಿದ ಪಟ್ಟಿ ಅದಕ್ಕೆ ಲಗತ್ತಾಯಿತು. ಆಗಸ್ಟ್‌ನಲ್ಲಿ ಕಾಂಪೊಸಿಷನ್ ಯೋಜನೆಯಲ್ಲಿ ನೋಂದಣಿಯೂ ಆಯಿತು. ಒಂದೂವರೆ ಕೋಟಿಯೊಳಗಿನ ವ್ಯಾಪಾರಿ ತೆರಿಗೆ ಬೀಳೋ ಮಾರಾಟದ ಮೇಲೆ 1% ಕಟ್ಟಿದರೆ ಸಾಕು. ಮೂರು ತಿಂಗಳಿಗೊಮ್ಮೆ CMP-08, ವರ್ಷಕ್ಕೊಮ್ಮೆ GSTR-4. ಅದನ್ನ ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡೋ ಹಾಗಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆ ವಾಪಸ್ ಬರಲ್ಲ. 39 ಲಕ್ಷಕ್ಕೆ 39,000 ರೂಪಾಯಿ, ಅವರದೇ ಲಾಭದಿಂದ.

ನೋಟಿಸಿನ ಕೆಲಸ ಅಲ್ಲಿಗೆ ಮುಗಿಯಿತು. ನನಗೆ ನಿದ್ದೆ ಕೆಡಿಸಿದ್ದು ಅದೇ ಹಾಳೆಯ ಇನ್ನೊಂದು ಲೆಕ್ಕ. ಮಾರಾಟ 62.20, ಖರೀದಿ 56.50. ವರ್ಷಕ್ಕೆ ಉಳಿದಿದ್ದು 5,70,000, ತಿಂಗಳಿಗೆ 47,500. ಬಾಡಿಗೆ, ಕರೆಂಟು 18,000 ಕಳೆದರೆ 29,500. ಮನೆಖರ್ಚಿಗೆ ಗಲ್ಲಾದಿಂದ ಹೋಗ್ತಿದ್ದದ್ದು ತಿಂಗಳಿಗೆ ಸುಮಾರು 55,000. ನಡುವಿನ 25,500 ಎಲ್ಲಿಂದ ಬರ್ತಿತ್ತು? ಮಗ ಕಳಿಸೋ 30,000ದಿಂದ. ಎಲ್ಲ ಒಂದೇ ಖಾತೆಗೆ ಬೀಳ್ತಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಅಂಗಡಿಯಿಂದ ಮನೆ ನಡೀತಿದೆ, ಮಗನ ದುಡ್ಡು ಉಳೀತಿದೆ ಅಂತ ಶೆಟ್ರು ನಂಬಿದ್ದರು. ನಿಜವಾಗಿ ಮಗನೇ ಮನೆ ನಡೆಸ್ತಿದ್ದ. ಅದು ಅವನಿಗೂ ಗೊತ್ತಿರಲಿಲ್ಲ.

ಇದನ್ನ ನಾನು ಮೊದಲು ಹೇಳಿದ್ದು ಶೆಟ್ರಿಗಲ್ಲ, ಅಕ್ಕನಿಗೆ. ಅವರ ಹೆಂಡತಿಯನ್ನ ನಾವು ಕರೆಯೋದೇ ಅಕ್ಕ ಅಂತ. ಅವರು ಹಾಳೆ ನೋಡಿ, "ಹಾಗಾದ್ರೆ ನಾವು ಮಗನ ಹಂಗಲ್ಲಿದ್ದೇವೆ ಅನ್ನು" ಅಂದು ಸುಮ್ಮನಾದರು. ಕಂಪನಿಯಲ್ಲಿ ಎಷ್ಟೋ ನಷ್ಟದ ಸ್ಲೈಡ್ ತೋರಿಸಿದ್ದೇನೆ, ಹೀಗೆ ಗಂಟಲು ಕಟ್ಟಿರಲಿಲ್ಲ.

ಆಮೇಲೆ ಮಾಡಿದ್ದು ಸಣ್ಣ ಕೆಲಸಗಳು. ಅಂಗಡಿಗೇ ಬೇರೆ ಕರೆಂಟ್ ಅಕೌಂಟ್, ಕ್ಯೂಆರ್ ಅದಕ್ಕೆ ಮಾತ್ರ. ಮಗನ ದುಡ್ಡು ಅಕ್ಕನ ಉಳಿತಾಯ ಖಾತೆಗೆ. ಶೆಟ್ರಿಗೆ ತಿಂಗಳಿಗೆ 28,000 ಸಂಬಳ, ಒಂದನೇ ತಾರೀಖು. ಸ್ಕ್ಯಾನ್ ಮಾಡಿ ಕ್ಯಾಶ್ ಕೊಡೋದು ಬಂದ್. ಮೊದಲು ನಾನು ಎಕ್ಸೆಲ್ ಹಾಳೆ ಮಾಡಿಕೊಟ್ಟಿದ್ದೆ, ಎರಡು ವಾರದಲ್ಲಿ ಸತ್ತುಹೋಯಿತು. ಈಗ ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ರಾತ್ರಿ ಮೂರು ಅಂಕಿ ಬರೀತಾರೆ: ಗಲ್ಲಾದ ಮಾರಾಟ, ಯುಪಿಐ, ಮನೆಗೆ ಒಯ್ದದ್ದು. ನಾನು ತಿಂಗಳಿಗೆ ಎರಡು ಸಲ ಹೋಗಿ ಅದನ್ನ ಖರೀದಿ ಬಿಲ್ಲಿನ ಜೊತೆ ಹೋಲಿಸ್ತೇನೆ. ಮನೆಗೆ ಒಯ್ದದ್ದರ ಅಂಕಿ ತಿಂಗಳಿಡೀ ಸೊನ್ನೆ ಇದ್ರೆ ಅದು ಶಿಸ್ತಲ್ಲ, ಬರೆಯೋದನ್ನ ಬಿಟ್ಟಿದ್ದಾರೆ ಅಂತ ಅರ್ಥ.

ಉದ್ರಿ ಪುಸ್ತಕದಲ್ಲಿ 1,12,000 ಬರಬೇಕಿತ್ತು, ಅದರಲ್ಲಿ 68,000 ಮೂರು ತಿಂಗಳಿಗಿಂತ ಹಳೇದು. ಎಲ್ಲರ ಹಿಂದೆ ಬೀಳಬೇಡಿ, ದೊಡ್ಡ ಬಾಕಿಯ ಆರು ಮನೆಗೆ ಮಾತ್ರ ಹೋಗಿ ಅಂದೆ. ನಾಲ್ಕು ಮನೆ ಕೊಟ್ಟವು. ಇನ್ನೆರಡು ಮನೆ ಬಗ್ಗೆ ಶೆಟ್ರು "ಅವ್ರ ಹತ್ರ ಕೇಳೋಕೆ ಆಗಲ್ಲ, ಬಿಡು" ಅಂದರು. ನಮ್ಮಪ್ಪನ ಹೆಸರೂ ಒಂದು ಕಾಲದಲ್ಲಿ ಆ ಪುಸ್ತಕದಲ್ಲಿ ಇತ್ತಲ್ಲ. ನಾನೂ ಬಿಟ್ಟೆ.

ಸೆಪ್ಟೆಂಬರ್ 22ಕ್ಕೆ ಬಿಸ್ಕತ್ತು, ಸೋಪು, ಪೇಸ್ಟು ಎಲ್ಲ 5%ಗೆ ಇಳಿದಾಗ ಲೆಕ್ಕ ಮತ್ತೆ ತೆಗೆದೆ. ಎಲ್ಲವೂ 5% ಅಂದುಕೊಂಡು, 39 ಲಕ್ಷದ ಮಾರಾಟಕ್ಕೆ ನೂರಕ್ಕೆ ಹತ್ತು ರೂಪಾಯಿ ಲಾಭ ಹಿಡಿದರೆ, ಮಾಮೂಲಿ ಜಿಎಸ್‌ಟಿಯಲ್ಲಿ ಖರೀದಿಯ ತೆರಿಗೆ ಕಳೆದು ಕಟ್ಟಬೇಕಾದ್ದು 18,500ರ ಆಸುಪಾಸು. ಕಾಂಪೊಸಿಷನ್‌ಗಿಂತ ಅರ್ಧಕ್ಕೂ ಕಡಿಮೆ. ಆದರೆ ಅದಕ್ಕೆ ಪ್ರತಿ ಖರೀದಿಗೂ ಸರಿಯಾದ ಬಿಲ್ಲು ಬೇಕು, ಸಪ್ಲೈಯರ್ ಅದನ್ನ ಪೋರ್ಟಲ್‌ಗೆ ಹಾಕಿರಬೇಕು. ಶೆಟ್ರ ಖರೀದಿಯಲ್ಲಿ ಮೂರನೇ ಒಂದು ಭಾಗ ಇನ್ನೂ ಬಿಳಿ ಚೀಟಿ. ಕಾಂಪೊಸಿಷನ್‌ನಿಂದ ಯಾವಾಗ ಬೇಕಾದರೂ ಹೊರಗೆ ಬರಬಹುದು, ವಾಪಸ್ ಹೋಗೋಕೆ ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು. ಹಾಗಾಗಿ ಮೊದಲು ಬಿಲ್ಲು ಸರಿಹೋಗಲಿ ಅಂತ ತಡೆದಿದ್ದೇವೆ.

ಈಗ ನನ್ನ ಹತ್ರ ಇಂಥವು ಒಂಬತ್ತು ಅಂಗಡಿ, ಎಲ್ಲವೂ ನಡೆದು ಹೋಗೋ ದೂರದಲ್ಲಿ. ತಿಂಗಳಿಗೆ 1,500 ರೂಪಾಯಿ, ಅಂದ್ರೆ 13,500. ಮೂರು ಗಂಟೆಯಂತೆ ಒಂಬತ್ತು ಅಂಗಡಿಗೆ ಇಪ್ಪತ್ತೇಳು ಗಂಟೆ, ಶನಿವಾರ-ಭಾನುವಾರಗಳು ಅಷ್ಟಕ್ಕೇ ಸರಿ. ಆಫೀಸಿನಲ್ಲಿ ಎಚ್‌ಆರ್‌ಗೆ ಬರೆದು ಅನುಮತಿ ತಗೊಂಡಿದ್ದೇನೆ. ಸಂಬಳ ಬಿಡೋ ಮಟ್ಟಕ್ಕೆ ಇದು ಬರಲ್ಲ. ದರ ಏರಿಸಿದ್ರೆ ಇವರು ಬರಲ್ಲ. ರಿಟರ್ನ್ ಸಲ್ಲಿಸೋದನ್ನೂ ನಾನೇ ಮಾಡೋಣ ಅಂತ ಜಿಎಸ್‌ಟಿ ಪ್ರಾಕ್ಟೀಷನರ್ ಪರೀಕ್ಷೆಗೆ ಓದ್ತಿದ್ದೇನೆ. ನಾನು ಸಿ.ಎ. ಅಲ್ಲ, ಆಡಿಟ್‌ಗೆ ಸಹಿ ಹಾಕೋ ಹಾಗಿಲ್ಲ. ಅದನ್ನ ಮೊದಲ ದಿನವೇ ಹೇಳ್ತೇನೆ.

ಹೋದ ತಿಂಗಳು ಶೆಟ್ರ ಮಗ ಪುಣೆಯಿಂದ ಬಂದಿದ್ದ. ಅಕ್ಕ ತಮ್ಮ ಪಾಸ್‌ಬುಕ್ ತಂದು ಅವನ ಮುಂದೆ ಇಟ್ಟರು. ಮನೆಗೆ ಬೇಕಾದಷ್ಟು ತೆಗೆದೂ ಸ್ವಲ್ಪ ಉಳಿದಿತ್ತು. ಅವನು ಪುಟ ತಿರುಗಿಸ್ತಾ, "ಅಂಗಡಿ ಚೆನ್ನಾಗಿ ನಡೀತಿದೆ ಅಂತಲೇ ಅಂದ್ಕೊಂಡಿದ್ದೆ ಅಪ್ಪ" ಅಂದ. ಶೆಟ್ರು ಕ್ಯಾಲೆಂಡರ್ ಕಡೆ ನೋಡಿ, "ನಾನೂ" ಅಂದರು.