ಬೇಸಿಕ್ ಎಷ್ಟು ಅಂತ ಕೇಳಿ

ಉಪ್ಪಳದಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಚೌಕಾಸಿ ಕೇಳುತ್ತಲೇ ಬೆಳೆದವನು ನಾನು. ಆದರೂ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ದುಬೈಗೆ ಬಂದಾಗ ಮೊದಲ ಕಂಪೆನಿ ಕೊಟ್ಟ ಕಾಗದಕ್ಕೆ ಓದದೆಯೇ ಸಹಿ ಹಾಕಿದ್ದೆ. ಕೆಲಸ ಸಿಕ್ಕಿದ್ದೇ ದೊಡ್ಡದು, ಇನ್ನೇನು ಕೇಳುವುದು ಅನ್ನುವ ಭಯ.

ಆರು ವರ್ಷ ಕಳೆದ ಮೇಲೆ ಇನ್ನೊಂದು ಕಂಪೆನಿಯಿಂದ ಆಫರ್ ಲೆಟರ್ ಬಂತು. ಚಿಲ್ಲರ್ ಮತ್ತು ಎ.ಸಿ. ನಿರ್ವಹಣೆಯ ಸೂಪರ್‌ವೈಸರ್ ಕೆಲಸ, ತಿಂಗಳಿಗೆ ಒಟ್ಟು 5,500 ದಿರ್ಹಂ. ನನಗೆ ಆಗ 4,800 ಬರುತ್ತಿತ್ತು. ಸಂತೋಷದಲ್ಲಿ ಹಳೆಯ ಕಂಪೆನಿಯಿಂದ ಗ್ರಾಚ್ಯುಟಿ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿದೆ. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ನನ್ನ ಆರು ವರ್ಷಕ್ಕೆ 135 ದಿನ. 4,800ರ ಲೆಕ್ಕದಲ್ಲಿ 21,600 ದಿರ್ಹಂ. ಮನೆಯ ಮಾಡು ರಿಪೇರಿಗೆ ಅದನ್ನು ಮನಸ್ಸಿನಲ್ಲೇ ಖರ್ಚು ಮಾಡಿಯೂ ಆಗಿತ್ತು.

ಜೊತೆಯಲ್ಲಿದ್ದ ಗೆಳೆಯ ಕೇಳಿದ: "ಬೇಸಿಕ್ ಎಷ್ಟು?"

ಗ್ರಾಚ್ಯುಟಿ ಲೆಕ್ಕ ಹಾಕುವುದು ಒಟ್ಟು ಸಂಬಳದ ಮೇಲಲ್ಲ, ಕೊನೆಯ ಬೇಸಿಕ್ ಮೇಲೆ. ನನ್ನ ಬೇಸಿಕ್ ಬರೀ 1,600. ಪ್ರತೀ ಸಲ ಸಂಬಳ ಏರಿದಾಗ ಹೆಚ್ಚಿನದ್ದೆಲ್ಲ ಭತ್ಯೆಗೆ ಹೋಗಿತ್ತು. ಹಾಗಾಗಿ ಸಿಗುವುದು 7,200. ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಸ ಆಫರನ್ನು ಮತ್ತೆ ತೆರೆದು ನೋಡಿದರೆ ಅಲ್ಲೂ ಅದೇ ಕತೆ. ಬೇಸಿಕ್ 2,200, ಉಳಿದ 3,300 ಮನೆ ಬಾಡಿಗೆ, ಸಾರಿಗೆ, ಇತರೆ ಅಂತ. ಸಿಟ್ಟಿನಲ್ಲೇ ಕೂತು ಉತ್ತರ ಬರೆದೆ: ಕನಿಷ್ಠ 6,500 ಬೇಕು, ಊರಲ್ಲಿ ಮನೆ ಸಾಲ ಇದೆ, ತಂಗಿಯ ಮದುವೆ ಇದೆ, ಇಲ್ಲದಿದ್ದರೆ ಬರಲಾಗದು. ಪುಣ್ಯಕ್ಕೆ ಕಳಿಸಲಿಲ್ಲ. ಹಳೆಯ ಕಂಪೆನಿಯ ಮೇಲಿನ ಸಿಟ್ಟನ್ನು ಹೊಸಬರ ಮೇಲೆ ತೀರಿಸುತ್ತಿದ್ದೆ.

ಬೆಳಿಗ್ಗೆ ಅದನ್ನು ಓದುವಾಗ ಅಂಗಡಿಯ ಗಿರಾಕಿಗಳು ನೆನಪಾದರು. "ಬಹಳ ಕಷ್ಟ, ಕಡಿಮೆ ಮಾಡಿ" ಅನ್ನುವವರಿಗೆ ಉಪ್ಪ ಬರೀ ನಗುತ್ತಿದ್ದರು. "ಐವತ್ತು ಕಿಲೋ ಅಕ್ಕಿ ಇವತ್ತೇ ಒಯ್ಯುತ್ತೇನೆ, ಈ ರೇಟಿಗೆ ಆಗುತ್ತದಾ?" ಅಂದವರ ಮುಂದೆ ಕ್ಯಾಲ್ಕುಲೇಟರ್ ತೆಗೆಯುತ್ತಿದ್ದರು. ಎಚ್.ಆರ್. ಮೇಡಂ ಕೂಡ ನನ್ನ ಕೋರಿಕೆಯನ್ನು ಮೇಲಿನವರ ಮುಂದೆ ಇಡಬೇಕಲ್ಲ. ತಂಗಿಯ ಮದುವೆಯನ್ನು ಹಿಡಿದುಕೊಂಡು ಅವರು ಅಲ್ಲಿಗೆ ಹೋಗುವುದು ಹೇಗೆ?

ಎರಡನೇ ಸಲ ಬರೆದದ್ದು ಆರೇ ಸಾಲು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಆಫರ್‌ಗೆ ಧನ್ಯವಾದ. ಈ ಕೆಲಸಕ್ಕೆ ಸೇರಲು ನನಗೆ ಮನಸ್ಸಿದೆ. ಸಹಿ ಮಾಡುವ ಮೊದಲು ಸಂಬಳದ ಬಗ್ಗೆ ಒಂದು ವಿಚಾರ. ಈಗಿನ ಕೆಲಸದಲ್ಲಿ ಆರು ವರ್ಷದಿಂದ ಚಿಲ್ಲರ್‌ಗಳನ್ನು ನೋಡಿಕೊಳ್ಳುತ್ತಿದ್ದೇನೆ, ಎಂಟು ಜನರ ಶಿಫ್ಟ್ ನಡೆಸುತ್ತಿದ್ದೇನೆ. ಅದನ್ನು ಗಮನಿಸಿ ಒಟ್ಟು 6,200, ಅದರಲ್ಲಿ ಬೇಸಿಕ್ 3,100 ಮಾಡಲು ಸಾಧ್ಯವೇ? ಒಪ್ಪಿಗೆಯಾದರೆ ನೋಟಿಸ್ ಅವಧಿ ಮುಗಿದ ಕೂಡಲೇ ಸೇರುತ್ತೇನೆ."

"ಬೇಕು" ಇದ್ದಲ್ಲಿ "ಸಾಧ್ಯವೇ" ಬಂತು, ಆದರೆ ಅಂಕಿ ಮಸುಕಾಗಲಿಲ್ಲ. "ಸ್ವಲ್ಪ ಜಾಸ್ತಿ ಮಾಡಿ" ಅಂತ ಬರೆದಿದ್ದರೆ ನೂರು ದಿರ್ಹಂ ಸೇರಿಸಿದರೂ ನಾನು ಥ್ಯಾಂಕ್ಸ್ ಹೇಳಬೇಕಾಗುತ್ತಿತ್ತು. ಟಿಕೆಟ್, ಫ್ಯಾಮಿಲಿ ವೀಸಾ, ಊಟ ಎಲ್ಲ ಕೇಳುವ ಆಸೆ ಇತ್ತು, ಕೇಳಲಿಲ್ಲ.

ಎರಡು ದಿನ ಉತ್ತರವಿಲ್ಲ. ಆಫರೇ ಹೋಯಿತೇನೋ ಅಂತ ಹತ್ತು ಸಲ ಫೋನ್ ನೋಡಿದೆ. ಮೂರನೇ ದಿನ ಮೇಡಂ ಕರೆ ಮಾಡಿದರು. ಈ ಗ್ರೇಡಿನಲ್ಲಿ 5,900ಕ್ಕಿಂತ ಮೇಲೆ ಹೋಗಲಾಗದು, ಪ್ರೊಬೇಶನ್ ಮುಗಿದ ಮೇಲೆ ಮತ್ತೆ ನೋಡೋಣ ಅಂದರು. ಮಿತಿ ಹೇಳಿದ ಮೇಲೆ ಒಟ್ಟನ್ನು ಎಳೆಯುವುದು ಸರಿಯಲ್ಲ ಅನ್ನಿಸಿತು. "5,900 ಒಪ್ಪುತ್ತೇನೆ ಮೇಡಂ. ಅದರೊಳಗೆ ಬೇಸಿಕ್ 2,800 ಮಾಡಬಹುದಾ? ಪ್ರೊಬೇಶನ್ ನಂತರದ ಮಾತನ್ನೂ ಲೆಟರಿನಲ್ಲಿ ಸೇರಿಸಬಹುದಾ?" ಅಂದೆ. ಬೇಸಿಕ್‌ಗೆ ಹೂಂ ಅಂದರು. ಇನ್ನೊಂದನ್ನು ಬರೆದು ಕೊಡಲಾಗದು ಅಂದರು. ಹಾಗಾದರೆ ಅದು ಇಲ್ಲ ಅಂತಲೇ ಲೆಕ್ಕ ಹಾಕಿಕೊಂಡೆ.

ಬೇಸಿಕ್ 2,200 ಆಗಿದ್ದರೆ ಐದು ವರ್ಷಕ್ಕೆ ಗ್ರಾಚ್ಯುಟಿ 7,700. 2,800ಕ್ಕೆ 9,800. ಕೋಟಿಯೇನೂ ಅಲ್ಲ, ಆದರೆ ಆರು ಸಾಲಿನ ಮೇಲ್ ಮತ್ತು ಒಂದು ಫೋನಿಗೆ ಬಂದದ್ದು. ತಿಂಗಳಿಗೆ 400 ಹೆಚ್ಚಾದದ್ದು ಬೇರೆ.

ಹಳೆಯ ಕಂಪೆನಿಗೆ ರಾಜೀನಾಮೆ ಕೊಟ್ಟದ್ದು ತಿದ್ದಿದ ಲೆಟರ್ ಕೈಗೆ ಬಂದ ಮೇಲೆಯೇ. ಕಾರ್ಮಿಕ ಸಚಿವಾಲಯದ ಆಫರ್ ಪತ್ರ ಸಹಿಗೆ ಬಂದಾಗ, ಅಲ್ಲೂ ಬೇಸಿಕ್ ಎದುರು 2,800 ಅಂತಲೇ ಇದೆಯಾ ಅಂತ ಬೆರಳಿಟ್ಟು ನೋಡಿದೆ. ಇತ್ತು. ಸಹಿ ಹಾಕಿ ಉಪ್ಪನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಆಮೇಲೆ ಮಾತಾಡೋಣ ಅಂದರು.