ದಾವಣಗೆರೆ ಬಿಟ್ವಿ ಅಂತ ಫೋನ್ ಬಂದ ಮೇಲೆ

ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಗೆ ಅಮಾವಾಸ್ಯೆ ಬಂತೆಂದರೆ ಜನ ತುಂಬುತ್ತಾರೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಇರುವ ಊರು. ದೀಪಾವಳಿ ಅಮಾವಾಸ್ಯೆ ದಿನವಂತೂ ಇಲ್ಲಿ ಮನೆ ಇದ್ದವರಿಗೆ ನೆಂಟರು ತಪ್ಪುವುದಿಲ್ಲ. ಹಗಲು ಅಜ್ಜಯ್ಯನ ದರ್ಶನ, ಸಂಜೆ ಲಕ್ಷ್ಮೀಪೂಜೆ, ಎರಡೂ ಒಂದೇ ಪಯಣದಲ್ಲಿ ಆಗುತ್ತದಲ್ಲ.

ನಾನು ಹುಡುಗನಾಗಿದ್ದಾಗ ನೆಂಟರು ಹಿಂದಿನ ದಿನವೇ ಬಂದುಬಿಡುತ್ತಿದ್ದರು. ಅತ್ತೆ, ದೊಡ್ಡವ್ವ, ಅವರ ಮಕ್ಕಳೆಲ್ಲ ನಡುಮನೆಯಲ್ಲಿ ಕೂತು, ಹೊಲದಿಂದ ಚೀಲದಲ್ಲಿ ತಂದ ಚೆಂಡುಹೂವನ್ನು ನೆನೆಸಿದ ಬಾಳೆನಾರಿಗೆ ಪೋಣಿಸುತ್ತಿದ್ದರು. ಮನೆ ಸಿಂಗರಿಸುವವರೇ ನೆಂಟರು. ಫೋನು ಕೈಗೆ ಬಂದ ಮೇಲೆ ಇದು ತಲೆಕೆಳಗಾಯಿತು. "ಈಗ ದಾವಣಗೆರೆ ಬಿಟ್ವಿ" ಅನ್ನುತ್ತಾರೆ. ಹರಿಹರದಲ್ಲಿ ಬಸ್ಸು ಬದಲಿಸಿ, ಮಲೇಬೆನ್ನೂರು ದಾಟಿ ಇಲ್ಲಿ ಇಳಿಯುವಷ್ಟರಲ್ಲಿ ಎರಡು ಗಂಟೆ. ಸಿಂಗಾರ ಅಷ್ಟರೊಳಗೆ ಮುಗಿದಿರಬೇಕು, ಮಾಡುವ ಕೈಗಳೋ ಇನ್ನೂ ಬಸ್ಸಿನಲ್ಲಿವೆ.

ಹೂವಿನ ವ್ಯಾಪಾರವೂ ಇದಕ್ಕೆ ತಕ್ಕಂತೆ ಬದಲಾಯಿತು. ಮೊದಲು ಬಿಡಿ ಹೂವು ಮಾರುತ್ತಿದ್ದವರು ಈಗ ಕಟ್ಟಿದ ಮಾಲೆಯನ್ನೇ ಮಾರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಹಬ್ಬದ ದಿನ ಮಾರು ಕುಗ್ಗದಿದ್ದರೂ ಹೂವಿನ ನಡುವಿನ ಸಂದು ಹಿಗ್ಗುತ್ತದೆ. ಮಾಲೆಯನ್ನು ಮಡಚಿ ಕೈಯಲ್ಲಿಟ್ಟರೆ ದಟ್ಟವಾಗಿಯೇ ಕಾಣುತ್ತದೆ. ಒಂದು ತುದಿ ಹಿಡಿದು ಜೋತುಬಿಟ್ಟು ನೋಡಿ, ದಾರ ಕಂಡರೆ ಅದು ಸಡಿಲು ಕಟ್ಟಿದ್ದು. ನೀರು ಚಿಮುಕಿಸಿ ಗುಡ್ಡೆ ಹಾಕಿದ ಹೂವನ್ನೂ ನಂಬಬಾರದು. ಅಡಿಯ ಹೂವಿನ ಎಸಳು ಕಂದಿರುತ್ತದೆ, ಹಚ್ಚುವ ಹೊತ್ತಿಗೆ ಉದುರತೊಡಗುತ್ತದೆ.

ನಾನೀಗಲೂ ಬಿಡಿ ಹೂವನ್ನೇ ಕೊಳ್ಳುವುದು. ದಪ್ಪ ಚೆಂಡುಹೂವಾದರೆ ಕಾಲು ಕೆಜಿಗೆ ಇಪ್ಪತ್ತು ಇಪ್ಪತ್ತೈದು ಬರುತ್ತವೆ, ಎರಡು ಬಾಗಿಲಿಗೆ ಸಾಕು. ಒತ್ತೊತ್ತಾಗಿ ಪೋಣಿಸಿದರೆ ಅದು ಎರಡು ಅಡಿಯೂ ಆಗುವುದಿಲ್ಲ; ಮಾವಿನೆಲೆ ನಡುವೆ ಬಂದಾಗ ಎರಡು ಬಾಗಿಲು ತುಂಬುತ್ತದೆ. ಮೂರೂವರೆ ಅಡಿ ಬಾಗಿಲಿಗೆ ಐದಡಿ ದಾರ ಬೇಕು. ಎರಡೂ ತುದಿಯಲ್ಲಿ ಕಟ್ಟಲು ಅರ್ಧರ್ಧ ಅಡಿ ಬಿಟ್ಟರೆ ನಾಲ್ಕಡಿ ಉಳಿಯಿತು, ನಡುವೆ ತುಸು ಜೋಲು ಬೀಳುತ್ತದೆ. ಆರು ಬೆರಳಗಲಕ್ಕಿಂತ ಸ್ವಲ್ಪ ಹೆಚ್ಚು ದೂರಕ್ಕೊಂದರಂತೆ ಹನ್ನೊಂದು ಎಲೆ, ಅವುಗಳ ನಡುವೆ ಹತ್ತು ಹೂವು. ತೊಟ್ಟಿನ ಕಡೆಯನ್ನು ದಾರದ ಮೇಲಿಂದ ಹಿಂದಕ್ಕೆ ಮಡಚಿ ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ಎಲೆ ಜಾರದು. ಹೂವಿಗೆ ಮಾತ್ರ ಸೂಜಿ ಹಸಿರು ಬುಡದ ನಡುವೆಯೇ ಹೋಗಬೇಕು, ಎಸಳಿಗೆ ಚುಚ್ಚಿದರೆ ಸಂಜೆಗೆ ಹರಿದು ಬೀಳುತ್ತದೆ.

"ಚಿಗುರೆಲಿ ಬ್ಯಾಡ ಕಣಪ್ಪ, ಗಳಿಗೆಯಾಗೆ ಬಾಡ್ತದೆ" ಅಂತ ನಮ್ಮಜ್ಜಿ ಮರ ಹತ್ತುವ ಮೊದಲೇ ಕೂಗುತ್ತಿದ್ದರು. ತಾಮ್ರದ ಬಣ್ಣದ ಚಿಗುರು ನೋಡಲು ಚೆಂದ, ಆದರೆ ಮೆತ್ತಗಿನ ಎಲೆ ಬೇಗ ಸೊರಗುತ್ತದೆ. ಕಡುಹಸಿರಿನ ಬಲಿತ ಎಲೆ ಮರುದಿನದವರೆಗೂ ನೆಟ್ಟಗಿರುತ್ತದೆ.

ಎರಡು ಗಂಟೆಯಲ್ಲಿ ನೀರಿನ ಕೆಲಸವೇ ಮೊದಲು. ಅಂಗಳ, ಹೊಸ್ತಿಲು, ಜಗುಲಿ ತೊಳೆದುಬಿಡಬೇಕು. ಅವು ಆರುವ ಹೊತ್ತಿನಲ್ಲಿ ತೋರಣ ಕಟ್ಟಬೇಕು. ಮೊದಲು ಸಗಣಿ ಸಾರಿಸಿದ ನೆಲದಲ್ಲಿ ರಂಗೋಲಿ ಪುಡಿ ಹಿಡಿದು ನಿಲ್ಲುತ್ತಿತ್ತು. ಈಗ ಟೈಲ್ಸು, ಫ್ಯಾನು ತಿರುಗಿದರೆ ಎಳೆಯೇ ಹಾರಿಹೋಗುತ್ತದೆ. ಒಳಗೆ ಅದಕ್ಕೇ ನೀರಲ್ಲಿ ನೆನೆಸಿದ ಸೀಮೆಸುಣ್ಣದಿಂದ ಬರೆಯುವುದು. ಬರೆಯುವಾಗ ಮಂಕಾಗಿ ಕಂಡರೂ ಆರಿದ ಮೇಲೆ ಬೆಳ್ಳಗೆ ಏಳುತ್ತದೆ. ಅಂಗಳದ ರಂಗೋಲಿಯನ್ನು ಎಲ್ಲ ಮುಗಿದ ಮೇಲೆ ಹಾಕಬೇಕು, ಇಲ್ಲವಾದರೆ ಬಕೆಟ್ಟು ಹಿಡಿದು ಓಡಾಡುವ ನಮ್ಮವರೇ ತುಳಿಯುತ್ತಾರೆ.

ಹರಿಹರದ ಪೇಟೆಯಲ್ಲಿ ಪ್ಲಾಸ್ಟಿಕ್ ತೋರಣ ಬಂದ ಮೇಲೆ ಅನೇಕರಿಗೆ ಈ ಉಸಾಬರಿಯೇ ಬೇಡವಾಗಿದೆ. ಯಾರನ್ನೂ ದೂರುವುದಿಲ್ಲ; ಮೊಳೆಗೆ ಸಿಕ್ಕಿಸಿದರೆ ಆಯಿತು. ಆದರೆ ಅದು ಹಬ್ಬ ಮುಗಿದರೂ ಇಳಿಯುವುದಿಲ್ಲ, ಯುಗಾದಿವರೆಗೂ ಧೂಳು ಹಿಡಿದು ಅಲ್ಲೇ ಜೋತಾಡುತ್ತದೆ. ಹಾಗಿದ್ದ ಬಾಗಿಲಲ್ಲಿ ಇವತ್ತು ಹಬ್ಬ ಅಂತ ಗೊತ್ತಾಗುವುದು ಹೇಗೆ? ಸೀರಿಯಲ್ ಸೆಟ್ಟಿನ ಮೇಲೆ ನನಗೆ ತಕರಾರಿಲ್ಲ. ಏಣಿ ಹತ್ತುವ ಮೊದಲು ನೆಲದ ಮೇಲೆ ಹರಡಿ ಒಮ್ಮೆ ಹಚ್ಚಿ ನೋಡಿದರೆ, ಕಟ್ಟಿದ ಮೇಲೆ ಅರ್ಧ ಕತ್ತಲಾಗುವ ಫಜೀತಿ ತಪ್ಪುತ್ತದೆ.

ಫೋನು ಮಲೇಬೆನ್ನೂರಿನಿಂದಲೇ ಬಂತೆಂದರೆ ಹಿತ್ತಿಲ ಬಾಗಿಲಿನ ತೋರಣ ಬಿಡುತ್ತೇನೆ, ಬಾಳೆಕಂಬವನ್ನೂ ಬಿಡುತ್ತೇನೆ. ಕಂಬಕ್ಕೆ ಮಣ್ಣು ತುಂಬಿದ ಡಬ್ಬ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ತಲಬಾಗಿಲಿಗೊಂದು ತೋರಣ, ದೇವರ ಜಗುಲಿಗೆ ಉಳಿದ ಹೂವು, ಅಂಗಳದಲ್ಲೊಂದು ರಂಗೋಲಿ, ಅಷ್ಟೆ. ಬಂದ ದೊಡ್ಡವ್ವನೇ ಸೂಜಿ ಕೇಳಿ ಈಸಿಕೊಂಡು ಹಿತ್ತಿಲ ಬಾಗಿಲಿಗೆ ಪೋಣಿಸಲು ಕೂರುತ್ತಾಳೆ.